ದೊಡ್ಡಮ್ಮನ ಹೂದಾನಿಗೆ ಹನ್ನೆರಡೇ ಸಾವಿರ ಯಾಕೆ?

ದೊಡ್ಡಮ್ಮ, ಮೊನ್ನೆ ಹಳೆ ವಸ್ತುಗಳಿಗೆ ಬೆಲೆ ಕಟ್ಟುವ ಆ ಮೇಡಂ ಮನೆಯಿಂದ ಹೊರಗೆ ಬಂದಮೇಲೆ ನೀವು ಆಟೋದಲ್ಲಿ ಒಂದು ಮಾತೂ ಆಡಲಿಲ್ಲ. ಹೂದಾನಿಯನ್ನು ಹಳೆ ಟವೆಲ್‌ನಲ್ಲಿ ಸುತ್ತಿ ತೊಡೆಮೇಲೆ ಇಟ್ಟುಕೊಂಡು ಕೂತಿದ್ದಿರಿ. ಎರಡು ಕೋಟಿ ಬರುತ್ತದೆ ಅಂದುಕೊಂಡಿದ್ದ ವಸ್ತುವಿಗೆ 12 ಸಾವಿರ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ದಾರಿಯಲ್ಲಿ ಹೇಳಿದರೆ ನಿಮಗೆ ಇನ್ನೂ ಬೇಜಾರಾಗುತ್ತದೆ ಅಂತ ನಾನೂ ಸುಮ್ಮನಿದ್ದೆ. ಈಗ ಕೂತು ಬರೆಯುತ್ತಿದ್ದೇನೆ. ಒಡೆದ ಪಿಂಗಾಣಿ ಜೋಡಿಸುವುದೇ ನನ್ನ ಕೆಲಸ. ಇಂಥ ಹೂದಾನಿಗಳು ನನ್ನ ಕೈಗೆ ಎಷ್ಟೋ ಬಂದಿವೆ. ಆ ಮೇಡಂ ಏನು ನೋಡಿದರು, ಯಾಕೆ ಹಾಗೆ ಹೇಳಿದರು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಅವರು ನಿಮ್ಮ ಹೂದಾನಿ ನಕಲಿ ಅನ್ನಲಿಲ್ಲ. ತಾತನ ಕಥೆ ಸುಳ್ಳು ಅಂತಲೂ ಅನ್ನಲಿಲ್ಲ. ಅದು ಚೀನಾದ್ದೇ, ಕೈಯಲ್ಲೇ ಬರೆದದ್ದೇ, ನೂರು ವರ್ಷಕ್ಕಿಂತ ಹಳೆಯದೇ. ಅವರು ಹೇಳಿದ್ದು ಇಷ್ಟೇ: ಅದು ಮುನ್ನೂರು ವರ್ಷದ್ದಲ್ಲ, ಸುಮಾರು ನೂರಮೂವತ್ತು ವರ್ಷದ್ದು. ಪಿಂಗಾಣಿಯ ಲೋಕದಲ್ಲಿ ಈ ಎರಡರ ನಡುವೆ ಆಕಾಶ ಭೂಮಿಯಷ್ಟು ಅಂತರ ಇದೆ.

ಹೂದಾನಿಯ ಬುಡ ತಿರುಗಿಸಿ ನೋಡಿ. ನೀಲಿ ಬಣ್ಣದ ಎರಡು ಉಂಗುರ ಇವೆ. ಅವುಗಳ ಒಳಗೆ ನಾಲ್ಕು ಚೀನೀ ಅಕ್ಷರ ಇವೆ. ಬಲಗಡೆ ಮೇಲಿನಿಂದ ಕೆಳಗೆ ಓದಿ, ಆಮೇಲೆ ಎಡಗಡೆ ಓದಬೇಕು. 'ಕಾಂಗ್‌ಶಿ ಕಾಲದಲ್ಲಿ ಮಾಡಿದ್ದು' ಅಂತ ಅರ್ಥ. ನಿಮ್ಮ ಮಗ ಇದನ್ನು ಫೋನಿನಲ್ಲಿ ಹುಡುಕಿ, ಕಾಂಗ್‌ಶಿ ಚಕ್ರವರ್ತಿ ಆಳಿದ್ದು 1662ರಿಂದ 1722ರವರೆಗೆ ಅಂತ ಕಂಡುಹಿಡಿದ. ಅಲ್ಲಿಂದ ಶುರುವಾಯಿತು ಈ ಎರಡು ಕೋಟಿಯ ಮಾತು. ಅವನು ಓದಿದ್ದರಲ್ಲಿ ತಪ್ಪಿಲ್ಲ. ಅಕ್ಷರ ಅದನ್ನೇ ಹೇಳುತ್ತದೆ. ಆದರೆ ಚೀನಾದ ಪಿಂಗಾಣಿಯಲ್ಲಿ ಬುಡದ ಅಕ್ಷರವನ್ನು ಹುಟ್ಟಿದ ತಾರೀಖು ಅಂತ ಓದುವ ಹಾಗಿಲ್ಲ.

ನಿಮಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ. ನಿಮ್ಮ ದೇವರ ಮನೆಯ ಬೆಳ್ಳಿ ಡಬ್ಬಿಯಲ್ಲಿ ಒಂದು ತಾಮ್ರದ ನಾಣ್ಯ ಇದೆಯಲ್ಲ, ಒಂದು ಕಡೆ ರಾಮನ ಪಟ್ಟಾಭಿಷೇಕ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇರುವುದು? ಕಂಪನಿ ಅಂಥ ನಾಣ್ಯವನ್ನು ಯಾವತ್ತೂ ಟಂಕಿಸಲಿಲ್ಲ. ಪೂಜೆಗೆ ಇಟ್ಟುಕೊಳ್ಳಲಿ ಅಂತ ಬಹಳ ಕಾಲದ ನಂತರ ಬೇರೆಯವರು ಮಾಡಿ ಮಾರಿದ ಬಿಲ್ಲೆ ಅದು. ನೀವು ಅದನ್ನು ಅರಿಶಿನ ಕುಂಕುಮ ಇಟ್ಟು ಪೂಜಿಸುತ್ತೀರಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ 1818 ಅಂತ ಬರೆದಿದ್ದರಿಂದ ಅದು 1818ರದ್ದು ಆಗಿಬಿಡುವುದಿಲ್ಲ ಅಲ್ವಾ? ಹೂದಾನಿಯ ಬುಡದ ಬರಹವೂ ಹೆಚ್ಚುಕಡಿಮೆ ಹೀಗೆಯೇ.

ಚೀನಾದಲ್ಲಿ ಜಿಂಗ್‌ಡೆಝೆನ್ ಅಂತ ಒಂದು ಊರಿದೆ. ನೂರಾರು ವರ್ಷದಿಂದ ಪಿಂಗಾಣಿಯೇ ಆ ಊರಿನ ಕಸುಬು. ಅಲ್ಲಿ ಅರಮನೆಗೆ ಮಾಡುವ ಭಟ್ಟಿ ಬೇರೆ, ಪೇಟೆಗೆ ಮಾಡುವ ಭಟ್ಟಿಗಳು ಬೇರೆ. ಹಳೆ ಕಾಲದ ಒಳ್ಳೆ ಕೆಲಸವನ್ನು ನೋಡಿ ಅದೇ ರೀತಿ ಮಾಡುವುದು, ಮಾಡಿ ಆ ಹಳೆ ಕಾಲದ ಚಕ್ರವರ್ತಿಯ ಹೆಸರನ್ನೇ ಬುಡದಲ್ಲಿ ಬರೆಯುವುದು ಅಲ್ಲಿನ ವಾಡಿಕೆ. ಹಿರಿಯರ ಕೆಲಸಕ್ಕೆ ತೋರಿಸುವ ಗೌರವವೂ ಅದರಲ್ಲಿ ಇತ್ತು, ಮಾರಾಟಕ್ಕೆ ಅನುಕೂಲವೂ ಇತ್ತು. ಕಾಂಗ್‌ಶಿ ಕಾಲದವರೇ ತಮಗಿಂತ ಇನ್ನೂರು ವರ್ಷ ಹಿಂದಿನ ಚೆಂಗ್‌ಹ್ವಾ ಚಕ್ರವರ್ತಿಯ ಹೆಸರು ಬರೆಯುತ್ತಿದ್ದರು.

ಇನ್ನೊಂದು ವಿಚಿತ್ರ ಕೇಳಿ. 1677ರಲ್ಲಿ ಜಿಂಗ್‌ಡೆಝೆನ್‌ನ ಅಧಿಕಾರಿಯೊಬ್ಬರು, ಪಿಂಗಾಣಿಯ ಮೇಲೆ ಈಗಿನ ಚಕ್ರವರ್ತಿಯ ಹೆಸರು ಬರೆಯಬಾರದು ಅಂತ ಆಜ್ಞೆ ಹೊರಡಿಸಿದರು. ಪಾತ್ರೆ ಒಡೆದು ತಿಪ್ಪೆಗೆ ಹೋದರೆ ದೊರೆಯ ಹೆಸರಿಗೆ ಅವಮಾನ ಅನ್ನುವುದು ಕಾರಣ. ಹಾಗಾಗಿ ನಿಜವಾದ ಕಾಂಗ್‌ಶಿ ಕಾಲದ ಎಷ್ಟೋ ಪಾತ್ರೆಗಳ ಬುಡದಲ್ಲಿ ಬರೀ ಎರಡು ಉಂಗುರ ಇರುತ್ತವೆ, ಒಳಗೆ ಹೆಸರೇ ಇರುವುದಿಲ್ಲ. ಇಲ್ಲವೇ ಒಂದು ಎಲೆಯ ಚಿತ್ರ ಇರುತ್ತದೆ. ನಿಮ್ಮ ಹೂದಾನಿಯ ಮೇಲಿರುವಂಥ ನಾಲ್ಕಕ್ಷರದ ಕಾಂಗ್‌ಶಿ ಬರಹ ರಾಶಿರಾಶಿಯಾಗಿ ಸಿಗುವುದು ಹತ್ತೊಂಬತ್ತನೇ ಶತಮಾನದ ಕೊನೆಯ ಮಾಲಿನ ಮೇಲೆ. ನಿಮ್ಮ ಮಗ ಆಸೆ ಇಟ್ಟುಕೊಂಡಿದ್ದ ಬರಹ ನೋಡಿಯೇ ಮೇಡಂಗೆ ಮೊದಲ ಅನುಮಾನ ಬಂದದ್ದು.

ಅಷ್ಟರಿಂದಲೇ ಅವರು ತೀರ್ಮಾನಕ್ಕೆ ಬರಲಿಲ್ಲ, ನೀವೂ ನೋಡಿದಿರಿ. ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದು ತುಂಬ ಹೊತ್ತು ತಿರುಗಿಸಿದರು. ನೀಲಿ ನೆಲದ ಮೇಲೆ ಬಿರುಕು ಬಿಟ್ಟ ಮಂಜುಗಡ್ಡೆಯ ಹಾಗೆ ಗೆರೆಗಳು, ಅದರ ಮೇಲೆ ಬಿಳಿ ಹೂವು. ಚಳಿಗಾಲ ಮುಗಿದು ಮಂಜು ಒಡೆಯುವ ಹೊತ್ತಿಗೆ ಅರಳುವ ಹೂವದು, ಅಲ್ಲಿನವರ ಹೊಸವರ್ಷದ ಗುರುತು. ಕಾಂಗ್‌ಶಿ ಕಾಲದಲ್ಲಿ ಈ ನಕ್ಷೆಯನ್ನು ಬರೆದವರು ಕೋಬಾಲ್ಟ್ ನೀಲಿಯನ್ನು ತೆಳುವಾಗಿ ಒಂದರ ಮೇಲೊಂದು ಬಳಿಯುತ್ತಿದ್ದರು. ಒಂದೇ ನೀಲಿಯಲ್ಲಿ ನಾಲ್ಕೈದು ಛಾಯೆ ಕಾಣುತ್ತದೆ. ನೀರಿನ ಒಳಗೆ ನೋಡಿದ ಹಾಗೆ ಆಳ ಇರುತ್ತದೆ. ನಿಮ್ಮ ಹೂದಾನಿಯ ನೀಲಿ ಚಂದವೇ. ಆದರೆ ಒಂದೇ ಸಮ ಇದೆ, ಸ್ವಲ್ಪ ನೇರಳೆ ಕಡೆಗೆ ವಾಲಿದೆ. ಮಂಜಿನ ಗೆರೆಗಳನ್ನೂ ಬೇಗಬೇಗ ಎಳೆದಿದ್ದಾರೆ. ದಿನಕ್ಕೆ ಇಷ್ಟು ಮುಗಿಸಬೇಕು ಅಂತ ಕೂತು ಬರೆದ ಕೈ ಅದು.

ಆಮೇಲೆ ಅವರು ಬುಡದ ಅಂಚನ್ನು ಬೆರಳಿನಿಂದ ಸವರಿದರು. ಭಟ್ಟಿಯಲ್ಲಿ ನೆಲಕ್ಕೆ ತಾಗುವ ಆ ಬಳೆಯಂಥ ಅಂಚಿಗೆ ಗಾಜಿನ ಮೆರುಗು ಹಚ್ಚುವುದಿಲ್ಲ, ಹಚ್ಚಿದರೆ ಅಂಟಿಕೊಳ್ಳುತ್ತದೆ. ಹಾಗಾಗಿ ಒಳಗಿನ ಮಣ್ಣು ಬರಿಗಣ್ಣಿಗೆ ಕಾಣುವುದು ಅಲ್ಲಿ ಮಾತ್ರ. ಕಾಂಗ್‌ಶಿ ಕಾಲದ ಒಳ್ಳೆ ಪಾತ್ರೆಯಲ್ಲಿ ಆ ಮಣ್ಣು ನುಣ್ಣಗೆ ರುಬ್ಬಿದ ಹಿಟ್ಟಿನ ಹಾಗೆ ಇರುತ್ತದೆ, ಅಂಚನ್ನು ಜೋಪಾನವಾಗಿ ಕೆತ್ತಿ ದುಂಡು ಮಾಡಿರುತ್ತಾರೆ. ನಿಮ್ಮದರಲ್ಲಿ ತರಿತರಿ ಇದೆ, ದೋಸೆ ಹಿಟ್ಟಿಗೂ ಇಡ್ಲಿ ರವೆಗೂ ಇರುವ ವ್ಯತ್ಯಾಸದ ಹಾಗೆ. ಬೆರಳಿಗೆ ಗೊತ್ತಾಗುತ್ತದೆ, ನೀವೇ ಸವರಿ ನೋಡಿ.

ಒಂದೊಂದು ಗುರುತು ಬೇರೆಬೇರೆಯಾಗಿ ಮೋಸ ಮಾಡಬಹುದು. ಬಣ್ಣ ಒಂದು ಹೇಳಿ, ಮಣ್ಣು ಇನ್ನೊಂದು ಹೇಳಿದ್ದರೆ ನಾನೇ ನಿಮ್ಮನ್ನು ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಇಲ್ಲಿ ಬರಹ, ಬಣ್ಣ, ಗೆರೆ, ಮಣ್ಣು ನಾಲ್ಕೂ ಒಂದೇ ಕಡೆ ಬೊಟ್ಟು ಮಾಡುತ್ತವೆ: 1880ರಿಂದ 1900ರ ಆಸುಪಾಸು. ಆ ಕಾಲದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ನೀಲಿ ಬಿಳಿ ಪಿಂಗಾಣಿಯ ಹುಚ್ಚು ಹಿಡಿದಿತ್ತು. ಇದೇ ಮಂಜು, ಹೂವಿನ ನಕ್ಷೆಯ ಹಳೆ ಪಾತ್ರೆಗಳಿಗೆ ಅಲ್ಲಿ ಭಾರಿ ಬೇಡಿಕೆ. ಹಳೆಯದು ಎಲ್ಲರಿಗೂ ಎಲ್ಲಿ ಸಿಗುತ್ತದೆ? ಹಾಗಾಗಿ ಜಿಂಗ್‌ಡೆಝೆನ್‌ನವರು ಅದೇ ನಕ್ಷೆಯಲ್ಲಿ ಹೊಸದಾಗಿ ಮಾಡಿ ಹಡಗಿಗೆ ತುಂಬಿಸಿದರು.

ಈಗ ತಾತನ ಕಥೆಗೆ ಬನ್ನಿ. ಕಂಟೋನ್ಮೆಂಟಿನಲ್ಲಿ ಒಬ್ಬ ದೊರೆ 1947ರಲ್ಲಿ ಊರು ಬಿಟ್ಟು ಹೊರಟಾಗ ಮನೆ ಸಾಮಾನು ಹರಾಜು ಹಾಕಿದರು, ಅಲ್ಲಿ ತಾತ ಇದನ್ನು ಕೊಂಡರು ಅಂತ ನೀವು ಯಾವಾಗಲೂ ಹೇಳುತ್ತೀರಿ. ಇಂಗ್ಲಿಷರ ಮನೆಗೆ ಅಂತಲೇ ಮಾಡಿದ ಹೂದಾನಿ ಇಂಗ್ಲಿಷರ ಮನೆಯಲ್ಲೇ ಇತ್ತು, ಅಲ್ಲಿಂದ ನಮ್ಮ ಮನೆಗೆ ಬಂತು. ಮೇಡಂ ಹೇಳಿದ ಕಾಲಕ್ಕೂ ತಾತನ ಮಾತಿಗೂ ಸರಿಯಾಗಿ ತಾಳೆಯಾಗುತ್ತದೆ. ಮುನ್ನೂರು ವರ್ಷದ ಅರಮನೆಯ ವಸ್ತು ಅನ್ನುವುದು ತಾತ ಹೇಳಿದ್ದಲ್ಲ, ಹೋದ ವರ್ಷ ಫೋನಿನಲ್ಲಿ ಹುಡುಕಿದಮೇಲೆ ಸೇರಿಕೊಂಡದ್ದು.

ಇನ್ನು ಬಾಯಿಯ ವಿಷಯ. ಇದನ್ನು ಹೇಳುವಾಗ ಮೇಡಂ ದನಿ ಇಳಿಸಿದರು, ನಿಮಗೆ ಕೇಳಿಸಿತೋ ಇಲ್ಲವೋ. ಹೂದಾನಿಯ ಬಾಯಂಚಿನ ಮೇಲೆ ಬೆರಳು ಆಡಿಸಿ ನೋಡಿ. ಹೊಟ್ಟೆ ಭಾಗ ಗಾಜಿನ ಹಾಗೆ ಜಾರುತ್ತದೆ, ಬಾಯಂಚು ಮಾತ್ರ ಬಳಪದ ಹಾಗೆ ಒರಟು. ಮುಚ್ಚಳ ಇರುವ ಜಾಡಿಯಾಗಿದ್ದರೆ ಅಲ್ಲಿ ಮೆರುಗು ಇಲ್ಲದಿರುವುದು ಸಹಜ. ಇದು ಮುಚ್ಚಳ ಇಲ್ಲದ ಹೂದಾನಿ, ಮೆರುಗು ಅಂಚು ದಾಟಿ ಒಳಗೆ ಇಳಿದಿರಬೇಕಿತ್ತು. ಅಂದರೆ ಯಾವತ್ತೋ ಬಾಯಿ ಚಕ್ಕೆ ಎದ್ದಿದೆ. ಯಾರೋ ಅದನ್ನು ಸುತ್ತಲೂ ಉಜ್ಜಿ ಸಮ ಮಾಡಿದ್ದಾರೆ. ಅದಕ್ಕೇ ಕತ್ತು ದೇಹಕ್ಕೆ ಹೋಲಿಸಿದರೆ ಗಿಡ್ಡವಾಗಿ ಕಾಣುವುದು. ನನ್ನ ಅಂದಾಜಿನಲ್ಲಿ ಎರಡು ಬೆರಳಿನಷ್ಟಾದರೂ ಹೋಗಿದೆ.

ಜೊತೆಗೆ ಕೂದಲೆಳೆಯ ಒಂದು ಸೀಳು ಕತ್ತಿನಿಂದ ಹೆಗಲಿನವರೆಗೆ ಇಳಿದಿದೆ. ಹೊರಗಿನಿಂದ ನಕ್ಷೆಯ ಗೆರೆಗಳ ನಡುವೆ ಕಾಣುವುದಿಲ್ಲ. ಟಾರ್ಚನ್ನು ಒಳಗೆ ಇಳಿಸಿ ಕತ್ತಲಲ್ಲಿ ನೋಡಿದರೆ ಕಂದು ಬಣ್ಣದ ಎಳೆ ಹಾಗೆ ಕಾಣುತ್ತದೆ. ವರ್ಷಗಟ್ಟಲೆ ನೀರು ನಿಂತು ಕೊಳೆ ಇಳಿದಿದೆ. ಮೇಡಂ ಉಗುರಿನಿಂದ ಮೆಲ್ಲಗೆ ತಟ್ಟಿದಾಗ ಗಂಟೆಯ ಹಾಗೆ ಠಣ್ ಅನ್ನಲಿಲ್ಲ, ಸೀಳಿದ ಮಡಕೆಯ ಹಾಗೆ ಡಬ್ ಅಂತು. ತರಕಾರಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ನೀವು ತಟ್ಟಿ ನೋಡುವುದೂ ಇದಕ್ಕೇ ಅಲ್ವಾ.

ನಿಜವಾಗಿ ಅಪರೂಪದ ವಸ್ತುವಾಗಿದ್ದರೆ ಒಡೆದರೂ ಕೊಳ್ಳುವವರು ಇರುತ್ತಾರೆ, ಬೇರೆ ಸಿಗುವುದಿಲ್ಲವಲ್ಲ. ಸಾವಿರಾರು ಸಂಖ್ಯೆಯಲ್ಲಿ ಮಾಡಿದ್ದಕ್ಕೆ ಹಾಗಲ್ಲ. ಇದೇ ಕಾಲದ, ಇದೇ ನಕ್ಷೆಯ, ಬಾಯಿ ಸರಿಯಾಗಿರುವ ಹೂದಾನಿ ಸ್ವಲ್ಪ ಹುಡುಕಿದರೆ ಸಿಗುವಾಗ ಯಾರು ಸೀಳಿದ್ದನ್ನು ಕೊಳ್ಳುತ್ತಾರೆ? ಮೇಡಂ ಲೆಕ್ಕ ಹೀಗಿತ್ತು: ಏನೂ ಆಗದೆ ಇದ್ದಿದ್ದರೆ 35 ರಿಂದ 40 ಸಾವಿರ, ಬಾಯಿ ಉಜ್ಜಿದ್ದರಿಂದ ಅರ್ಧ, ಸೀಳಿನಿಂದ ಇನ್ನಷ್ಟು ಕಡಿಮೆ. ಉಳಿದದ್ದು 12 ಸಾವಿರ. ಅದು ಹರಾಜಿನಲ್ಲಿ ಬರಬಹುದಾದ ಬೆಲೆ. ಹರಾಜಿನವರು ನೂರಕ್ಕೆ ಹದಿನೈದು ಕಮಿಷನ್ ಹಿಡಿದರೆ ನಿಮ್ಮ ಕೈಗೆ 10,200. ಅಂಗಡಿಯವನಿಗೆ ನೇರವಾಗಿ ಕೊಟ್ಟರೆ ಅವನು ಆರೇಳು ಸಾವಿರ ಹೇಳಬಹುದು, ಅವನಿಗೂ ಲಾಭ ಬೇಕು, ವರ್ಷಗಟ್ಟಲೆ ಇಟ್ಟುಕೊಳ್ಳಬೇಕು. ಅದೇ ಅಂಗಡಿಯಲ್ಲಿ ಆಮೇಲೆ 20 ಸಾವಿರದ ಚೀಟಿ ಅಂಟಿಸಿದ್ದು ಕಂಡರೆ ಮೋಸ ಹೋದೆವು ಅಂದುಕೊಳ್ಳಬೇಡಿ. ಒಂದೇ ವಸ್ತುವಿಗೆ ಈ ಮೂರು ಬೆಲೆಯೂ ನಿಜವೇ.

ನಿಮ್ಮ ಮಗ ತೋರಿಸಿದ ವಿಡಿಯೋ ಬಗ್ಗೆ ಹೇಳದಿದ್ದರೆ ನಿಮಗೆ ಸಮಾಧಾನ ಆಗುವುದಿಲ್ಲ, ಗೊತ್ತು. ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ 2022ರ ಅಕ್ಟೋಬರ್ 1ರಂದು ನಡೆದ ಹರಾಜು ಅದು. ತಜ್ಞರು ಇಪ್ಪತ್ತನೇ ಶತಮಾನದ್ದು ಅಂತ ಹೇಳಿ 1,500 ರಿಂದ 2,000 ಯೂರೋ ಬೆಲೆ ಕಟ್ಟಿದ್ದ ಒಂದು ನೀಲಿ ಬಿಳಿ ಹೂದಾನಿ, 77 ಲಕ್ಷ ಯೂರೋಗೆ ಹೋಯಿತು. ನಮ್ಮ ಲೆಕ್ಕದಲ್ಲಿ 60 ಕೋಟಿಗೂ ಮೇಲೆ. ಇದು ನಿಜವಾಗಿ ನಡೆದದ್ದು. ತಜ್ಞರು ತಪ್ಪುವುದಿಲ್ಲ ಅಂತ ನಾನೂ ಹೇಳುವುದಿಲ್ಲ.

ಆದರೆ ಅಲ್ಲಿ ಏನಾಯಿತು ನೋಡಿ. ಅದು ಡ್ರ್ಯಾಗನ್ ಮತ್ತು ಮೋಡಗಳ ಚಿತ್ರ ಇರುವ, ಅರಮನೆ ಮಾದರಿಯ ದೊಡ್ಡ ಹೂದಾನಿ. ಹದಿನೆಂಟನೇ ಶತಮಾನದ್ದೋ ಇಪ್ಪತ್ತನೆಯದೋ ಅನ್ನುವುದೇ ಜಗಳ. ಹರಾಜಿಗೆ ಮೊದಲೇ ನೂರಾರು ಮಂದಿ ಆಸಕ್ತಿ ತೋರಿಸಿದರು. ಬೆಲೆ ಏರಿದಮೇಲೂ ತಜ್ಞರು ತಮ್ಮ ಮಾತು ಬದಲಿಸಲಿಲ್ಲ. ಅಂದರೆ, ತಿಳಿದವರಲ್ಲೇ ಎರಡು ಅಭಿಪ್ರಾಯ ಇದ್ದ ವಸ್ತು ಅದು. ನಿಮ್ಮದರಲ್ಲಿ ಅಂಥ ಜಗಳವೇ ಇಲ್ಲ. ನಾನು ಫೋಟೋಗಳನ್ನು ನನ್ನ ಕೆಲಸದ ಇಬ್ಬರು ಸ್ನೇಹಿತರಿಗೆ ಕಳಿಸಿದೆ. ಮೇಡಂ ಏನು ಹೇಳಿದರು ಅಂತ ತಿಳಿಸಲಿಲ್ಲ. ಇಬ್ಬರೂ ಹತ್ತೊಂಬತ್ತನೇ ಶತಮಾನದ ಕೊನೆ ಅಂದರು. ಒಬ್ಬರು ಬಾಯಿ ಉಜ್ಜಿದ್ದನ್ನು ಫೋಟೋದಲ್ಲೇ ಹಿಡಿದರು.

ಲಂಡನ್ನಿನ ಪಿನ್ನರ್ ಅನ್ನುವ ಕಡೆ ಒಂದು ಮನೆ ಖಾಲಿ ಮಾಡುವಾಗ ಸಿಕ್ಕ ಹೂದಾನಿಯ ಸುದ್ದಿಯನ್ನೂ ನೀವು ಹೇಳಿದಿರಿ. 2010ರ ನವೆಂಬರ್‌ನಲ್ಲಿ ಅದಕ್ಕೆ 4 ಕೋಟಿ 30 ಲಕ್ಷ ಪೌಂಡ್ ಕೂಗಿದರು. ಅದು ಚಿಯೆನ್‌ಲಾಂಗ್ ಚಕ್ರವರ್ತಿಯ ಕಾಲದ, ಅರಮನೆ ಭಟ್ಟಿಯ ಕೆಲಸ. ವಿಡಿಯೋಗಳಲ್ಲಿ ಹೇಳದ ಎರಡು ವಿಷಯ ಇವೆ. ಒಂದು, ಹರಾಜಿನವರು ಅದನ್ನು ಮೊದಲೇ ಗುರುತಿಸಿ 8 ರಿಂದ 12 ಲಕ್ಷ ಪೌಂಡ್ ಬೆಲೆ ಕಟ್ಟಿದ್ದರು, ಅವರು ಅದನ್ನು ಅಗ್ಗದ ವಸ್ತು ಅಂದಿರಲಿಲ್ಲ. ಎರಡು, ಕೂಗಿದವರು ದುಡ್ಡೇ ಕೊಡಲಿಲ್ಲ. ಮಾರಿದವರು ಎರಡು ವರ್ಷಕ್ಕೂ ಹೆಚ್ಚು ಕಾದು, 2013ರಲ್ಲಿ ಬೇರೆಯವರಿಗೆ ತುಂಬ ಕಡಿಮೆ ಬೆಲೆಗೆ ಕೊಟ್ಟರು ಅಂತ ಪತ್ರಿಕೆಗಳು ಬರೆದವು.

ನಮ್ಮ ದೇಶದಲ್ಲಿ ಇನ್ನೊಂದು ಮಾತಿದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು. ಅದನ್ನು ನಾವುನಾವೇ ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ದೇಶದ ಒಳಗೆ ಮಾರಬಹುದು. ಹಾಗಾಗಿ ಪ್ಯಾರಿಸ್ಸಿನಲ್ಲೋ ಹಾಂಗ್‌ಕಾಂಗಿನಲ್ಲೋ ಕೂಗುವ ಚೀನಾದ ಶ್ರೀಮಂತರು ನಿಮ್ಮ ಹೂದಾನಿಗೆ ಗಿರಾಕಿಗಳಲ್ಲ. ಇಲ್ಲಿ ಚೀನೀ ಪಿಂಗಾಣಿ ಕೂಡಿಡುವವರು ಕಡಿಮೆ, ಇರುವವರು ಚೆನ್ನಾಗಿ ತಿಳಿದವರು.

ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸೋಣ ಅಂದಿರಿ. ಮಾಡಿಸಬಹುದು. ಅದಕ್ಕೆ ಬುಡದಲ್ಲಿ ಸಣ್ಣ ತೂತು ಕೊರೆದು ಮಣ್ಣು ತೆಗೆಯಬೇಕು, ಖರ್ಚು ಹೂದಾನಿಯ ಬೆಲೆಗಿಂತ ಜಾಸ್ತಿ ಆಗುತ್ತದೆ. ಅನುಮಾನ ಉಳಿದಿದ್ದರೆ ಅದಕ್ಕೆ ಅರ್ಥ ಇತ್ತು. ಬದಲಿಗೆ ಮನಸ್ಸಿನ ಸಮಾಧಾನಕ್ಕೆ ಇನ್ನೊಬ್ಬರಿಗೆ ತೋರಿಸೋಣ, ನಾನೇ ಬರುತ್ತೇನೆ. ಒಂದೇ ಷರತ್ತು: ಬೆಲೆ ಹೇಳುವವರು ಕೊಳ್ಳುವವರಾಗಿರಬಾರದು. ಆ ಮೇಡಂ 1,500 ರೂಪಾಯಿ ಫೀಸು ತೆಗೆದುಕೊಂಡರು, 'ನನಗೆ ಕೊಡಿ' ಅನ್ನಲಿಲ್ಲ. ಕಡಿಮೆ ಹೇಳಿ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಒಂದೇ ಉಸಿರಿನಲ್ಲಿ ಬೆಲೆ ಕಟ್ಟಿ, ನಾನೇ ತಗೊಳ್ತೀನಿ ಅನ್ನುವವರ ಹತ್ತಿರ ಹುಷಾರಾಗಿರಬೇಕು.

ಅದಕ್ಕಿಂತ ಹುಷಾರಾಗಿರಬೇಕಾದ್ದು ನಿಮ್ಮ ಮಗನಿಗೆ ಫೋನ್ ಮಾಡಿದ ಆ ಮನುಷ್ಯನ ಹತ್ತಿರ. ಫೋಟೋ ನೋಡಿಯೇ 80 ಲಕ್ಷಕ್ಕೆ ಪಾರ್ಟಿ ಇದೆ, ಮೊದಲು ಸರ್ಟಿಫಿಕೇಟ್‌ಗೆ 18 ಸಾವಿರ ಹಾಕಿ ಅಂದನಂತೆ. ಹಳೆ ನಾಣ್ಯ, ಹಳೆ ನೋಟಿನ ಹೆಸರಿನಲ್ಲಿ ಇದೇ ಆಟ ನಡೆದು, 2021ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಮೊದಲು ಒಂದು ಫೀಸು, ಆಮೇಲೆ ಟ್ಯಾಕ್ಸು, ಆಮೇಲೆ ಇನ್ನೇನೋ. ನಿಜವಾಗಿ ಕೊಳ್ಳುವವನು ಬಂದು ವಸ್ತುವನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಮಾರುವವರ ಹತ್ತಿರ ದುಡ್ಡು ಕೇಳುವುದಿಲ್ಲ. ದಯವಿಟ್ಟು ಒಂದು ರೂಪಾಯಿಯನ್ನೂ ಹಾಕಬೇಡಿ ದೊಡ್ಡಮ್ಮ. ಮಹಡಿ ಸೋರುತ್ತಿರುವುದಕ್ಕೆ ಈ ದುಡ್ಡನ್ನು ನಂಬಿಕೊಂಡಿದ್ದಿರಿ ಅಂತ ಅಮ್ಮ ಹೇಳಿದಳು. ಮಳೆಗಾಲಕ್ಕೆ ಮುಂಚೆ ಅದಕ್ಕೆ ಏನು ಮಾಡಬಹುದು ಅಂತ ಬೇರೆಯಾಗಿ ಕೂತು ಮಾತಾಡೋಣ. ಹೂದಾನಿಯ ಲೆಕ್ಕಕ್ಕೆ ಅದನ್ನು ಸೇರಿಸುವುದು ಬೇಡ.

ಮಾರುವುದೋ ಇಟ್ಟುಕೊಳ್ಳುವುದೋ ನಿಮಗೆ ಬಿಟ್ಟದ್ದು. ಎರಡರಲ್ಲಿ ಯಾವುದಾದರೂ, ಅದಕ್ಕೆ ಇನ್ನುಮುಂದೆ ನೀರು ಹಾಕಬೇಡಿ. ನೀರು ಸೀಳಿಗೆ ಇಳಿದು ಕಲೆ ಹೆಚ್ಚುತ್ತದೆ. ಹೂವು ಇಡಬೇಕು ಅನಿಸಿದರೆ ಒಳಗೆ ಒಂದು ಸಣ್ಣ ಸ್ಟೀಲ್ ಲೋಟ ಇಳಿಸಿ ಅದಕ್ಕೆ ನೀರು ಹಾಕಿ. ಎತ್ತುವಾಗ ಕತ್ತು ಹಿಡಿಯಬೇಡಿ, ಒಂದು ಕೈ ಬುಡಕ್ಕೆ ಕೊಡಿ. ಹುಣಸೆಹಣ್ಣು, ಸಬೀನಾ ಹಾಕಿ ತಿಕ್ಕುವುದಂತೂ ಬೇಡವೇ ಬೇಡ.

ಭಾನುವಾರ ಬರುತ್ತೇನೆ. ತಾತನ ಟ್ರಂಕಿನಲ್ಲಿ ಆ ಹರಾಜಿನ ಚೀಟಿ ಇದೆ ಅಂತ ಒಂದು ಸಲ ಹೇಳಿದ್ದಿರಿ. ಸಿಕ್ಕರೆ ತೆಗೆದಿಡಿ. ಅದರಿಂದ ಬೆಲೆ ಎರಡು ಮೂರು ಸಾವಿರ ಏರಿದರೆ ಹೆಚ್ಚು. ನನಗೆ ಮಾತ್ರ ತಾತ ಅವತ್ತು ಎಷ್ಟು ಕೊಟ್ಟು ಇದನ್ನು ಮನೆಗೆ ತಂದರು ಅಂತ ನೋಡಬೇಕು.